ಸೀರೆ ಅಂಗಡಿಯ ಗಿರಾಕಿ ನಿಮ್ಮ ಹೊಲಿಗೆ ಅಂಗಡಿಗೂ ಬರಬೇಕಾ?

ಬ್ಲೌಸ್ ಹೊಲಿಯುವವರಿಗೆ ಒಂದು ಸಲಹೆ. ಸೀರೆ ಅಂಗಡಿಯವರ ಹತ್ತಿರ ಗಿರಾಕಿಗಳ ಫೋನ್ ನಂಬರ್ ಕೇಳಬೇಡಿ. ಅವರು ನಂಬರ್ ಕೊಟ್ಟಿದ್ದು ಆ ಅಂಗಡಿಗೆ, ನಮಗಲ್ಲ. ಗೊತ್ತಿಲ್ಲದವರ ಮೆಸೇಜ್ ಬಂದರೆ ಬ್ಲಾಕ್ ಮಾಡುತ್ತಾರೆ, ಅಂಗಡಿಯವರ ಹೆಸರೂ ಕೆಡುತ್ತದೆ.

ಬಿಲ್ ಆಗುವ ಹೊತ್ತನ್ನು ಹಿಡಿಯಿರಿ. ಸೀರೆ ಕೊಂಡವರಿಗೆ ಫಾಲ್ ಎಲ್ಲಿ ಹಾಕಿಸೋದು, ಬ್ಲೌಸ್ ಯಾರಿಗೆ ಕೊಡೋದು ಅನ್ನೋ ಯೋಚನೆ ಆಗಲೇ ಶುರುವಾಗಿರುತ್ತದೆ, ಅಲ್ವಾ? ಸೀರೆ ಕವರಿನಲ್ಲಿ ಒಂದು ಚೀಟಿ ಇಡಿಸಿ. ಮೇಲೆ ಸೀರೆ ಅಂಗಡಿಯ ಹೆಸರು, ಕೆಳಗೆ ನಿಮ್ಮ ಹೊಲಿಗೆ ಅಂಗಡಿಯ ಹೆಸರಿನ ಜೊತೆ "ಈ ಸೀರೆಯ ಬ್ಲೌಸ್ ನಮ್ಮಲ್ಲಿ ಹೊಲಿಸಿದರೆ ಫಾಲ್ ಉಚಿತ, 30 ದಿನದೊಳಗೆ". ಆಗ ಅದು ಜಾಹೀರಾತು ಅನಿಸುವುದಿಲ್ಲ, ಅಂಗಡಿಯವರೇ ಕೊಟ್ಟ ಉಡುಗೊರೆ ಅನಿಸುತ್ತದೆ.

ಫಾಲ್‌ಗೆ ಬಟ್ಟೆ, ಕೂಲಿ ಸೇರಿ 80 ರೂಪಾಯಿ ಅಂದುಕೊಳ್ಳಿ. 100 ಚೀಟಿಯಲ್ಲಿ 12 ಜನ ಬಂದರೆ ಖರ್ಚು 960, ಜೊತೆಗೆ ಚೀಟಿ ಅಚ್ಚು ಹಾಕಿಸಿದ್ದು. ಬಾರದವರಿಗೆ ಫಾಲ್ ಖರ್ಚೇ ಇಲ್ಲ. ಬಂದವರಿಂದ ಚೀಟಿ ವಾಪಸ್ ತೆಗೆದುಕೊಂಡು ತಿಂಗಳಿಗೊಮ್ಮೆ ಎಣಿಸಿ. ತೀರಾ ಕಡಿಮೆ ಬಂದಿದ್ದರೆ ಮೊದಲು ಕೌಂಟರಿಗೆ ಹೋಗಿ ನೋಡಿ. ಎಷ್ಟೋ ಸಲ ಚೀಟಿ ಕಟ್ಟು ಡ್ರಾಯರಿನಲ್ಲೇ ಉಳಿದಿರುತ್ತದೆ.

ನೀವೂ ಸೀರೆ ಅಂಗಡಿಯವರಿಗೆ ಏನಾದರೂ ಮಾಡಬೇಕು. ಹೊಲಿದು ಮುಗಿದ ಬ್ಲೌಸನ್ನು ಸೀರೆ ಜೊತೆ ಫೋಟೋ ತೆಗೆದು, ಗಿರಾಕಿಯನ್ನು ಕೇಳಿ, ಅಂಗಡಿಯ ಹೆಸರು ಹಾಕಿ ಸ್ಟೇಟಸ್‌ಗೆ ಹಾಕಿ. ವಾರಕ್ಕೆ ಒಂದೆರಡು ಸಾಕು.

ಅಂಗಡಿಯವರಿಗೆ ಆಗಲೇ ಸ್ವಂತ ಟೈಲರ್ ಇದ್ದರೆ ಸುಮ್ನೆ ಬಿಟ್ಟುಬಿಡಿ. ವರಮಹಾಲಕ್ಷ್ಮಿ ಹಬ್ಬದ ಮುಂಚೆ ಕೈತುಂಬಾ ಕೆಲಸ ಇದ್ದಾಗ ಚೀಟಿ ನಿಲ್ಲಿಸಿ. ಬ್ಲೌಸ್ ತಡವಾದರೆ ಬೈಗುಳ ಹೋಗುವುದು ಸೀರೆ ಮಾರಿದವರಿಗೆ.