ಹೊಸ ರೂಮ್‌ಮೇಟ್‌ಗೆ ಹಾಡಿನ ಪಟ್ಟಿಯ ಚೀಟಿ ಬರೆಯುವುದು ಹೇಗೆ?

ರಾಜಾಜಿನಗರದ ಒಂದು ಪಿಜಿ ರೂಮು ಎಂದುಕೊಳ್ಳಿ. ಒಬ್ಬಳಿಗೆ ಬೆಳಿಗ್ಗೆ 8ಕ್ಕೆ ಆಫೀಸ್ ಕ್ಯಾಬ್. ಹೊಸದಾಗಿ ಬಂದವಳಿಗೆ ಮಧ್ಯಾಹ್ನದ ಶಿಫ್ಟ್, ರೂಮಿಗೆ ಬರುವಾಗ ರಾತ್ರಿ 10 ದಾಟಿರುತ್ತದೆ. ಇಬ್ಬರಿಗೂ ಹಾಡು ಬೇಕು, ಇರುವುದು ಒಂದೇ ಬ್ಲೂಟೂತ್ ಸ್ಪೀಕರ್. ಇಂಥಲ್ಲಿ ಯಾವ ಹಾಡು ಎಂಬುದಕ್ಕಿಂತ ಯಾವ ಹೊತ್ತಿಗೆ ಎಂಬುದರಿಂದಲೇ ಮನಸ್ತಾಪ ಶುರುವಾಗುತ್ತದೆ. ಹಾಗಾಗಿ ಬಂದ ಮೊದಲ ವಾರದಲ್ಲೇ ಒಂದು ಚೀಟಿ ಬರೆದು ಕೊಡುವುದು ಒಳ್ಳೆಯದು.

ಮೊದಲು ಹೊತ್ತು ಗೊತ್ತುಮಾಡಿ. ಇಬ್ಬರೂ ಎಚ್ಚರವಿರುವ ಅರ್ಧ ಗಂಟೆ ಬೆಳಿಗ್ಗೆ ಯಾವುದು, ರಾತ್ರಿ ಯಾವುದು ಎಂದು ಕೇಳಿ ತಿಳಿದುಕೊಳ್ಳಿ. ಆ ಹೊತ್ತಿಗೆ ಮಾತ್ರ ಸ್ಪೀಕರ್, ಉಳಿದಂತೆ ಇಯರ್‌ಫೋನ್.

ನಂತರ ಪಟ್ಟಿ. ಬೆಳಗಿಗೊಂದು, ರಾತ್ರಿಗೊಂದು ಬೇರೆ ಬೇರೆ ಇರಲಿ. ಒಂದೇ ಪಟ್ಟಿಯಾದರೆ ಮಲಗುವ ಹೊತ್ತಿಗೆ ಕುಣಿತದ ಹಾಡು ಬಂದೇ ಬರುತ್ತದೆ. ಸ್ಪಾಟಿಫೈನಲ್ಲಿ ಪಟ್ಟಿ ತೆರೆದು, ಮೂರು ಚುಕ್ಕೆ ಒತ್ತಿ, Invite collaborators ಆರಿಸಿ ಲಿಂಕ್ ಕಳಿಸಿ. ಲಿಂಕ್ 7 ದಿನಗಳಲ್ಲಿ ಮುಗಿದುಹೋಗುತ್ತದೆ, ಆಮೇಲೆ ಹೊಸದು ಕಳಿಸಬೇಕು. ಒಮ್ಮೆ ಸೇರಿದವರು ಹಾಡು ಸೇರಿಸಬಹುದು, ಹಿಂದೆ ಮುಂದೆ ಮಾಡಬಹುದು, ತೆಗೆಯಲೂಬಹುದು. ಹಾಡು ಸೇರಿಸಿದವರು ಯಾರೆಂದು ಪಟ್ಟಿಯಲ್ಲಿ ಕಾಣುತ್ತದೆ, ತೆಗೆದವರು ಯಾರೆಂದು ಕಾಣುವುದಿಲ್ಲ. ಚೀಟಿಯಲ್ಲಿ ‘ಅವರವರು ಹಾಕಿದ್ದನ್ನು ಅವರವರೇ ತೆಗೆಯೋಣ’ ಎಂಬ ಸಾಲು ಬೇಕಾಗುವುದು ಇದಕ್ಕೇ.

ಬೆಳಗಿನ ಪಟ್ಟಿಗೆ ಹಾಡಿನ ಕ್ರಮವೇ ಮುಖ್ಯ. ‘ಮೂಡಲ ಮನೆಯಾ ಮುತ್ತಿನ ನೀರಿನ’ದಿಂದ ಶುರುಮಾಡಿ. ಬೇಂದ್ರೆಯವರ ಕವಿತೆ, 1967ರ ‘ಬೆಳ್ಳಿಮೋಡ’ದಲ್ಲಿ ಎಸ್. ಜಾನಕಿ ಹಾಡಿದ್ದು. ಕಣ್ಣು ಇನ್ನೂ ಪೂರ್ತಿ ಬಿಡದವರಿಗೂ ಕಿರಿಕಿರಿಯಾಗುವುದಿಲ್ಲ. ಆಮೇಲೆ ‘ಕಾಕನಕೋಟೆ’ಯ ‘ನೇಸರ ನೋಡು’. ಅದು ಬರುವಷ್ಟರಲ್ಲಿ ಎದ್ದು ಕೂತಿರುತ್ತೀರಿ. ‘ಆಕಸ್ಮಿಕ’ದ ‘ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು’ ಕೊನೆಗಿರಲಿ, ಬ್ಯಾಗ್ ಹೆಗಲಿಗೇರುವ ಹೊತ್ತಿಗೆ. ಹಾಡೊಂದಕ್ಕೆ ನಾಲ್ಕೈದು ನಿಮಿಷವೆಂದರೆ ಆರು ಹಾಡಿಗೆ ಅರ್ಧ ಗಂಟೆ. ದಿನವೂ ಅದೇ ಕ್ರಮದಲ್ಲಿ, ಷಫಲ್ ಇಲ್ಲದೆ ಹಾಕಿದರೆ ಪಟ್ಟಿಯೇ ಗಡಿಯಾರವಾಗುತ್ತದೆ: ಮೂರನೇ ಹಾಡು ಬಂತೆಂದರೆ ಬಾತ್‌ರೂಮ್ ಬಿಟ್ಟುಕೊಡಬೇಕು. ಉಳಿದ ಮೂರನ್ನು ಬಂದವಳೇ ಆರಿಸಲಿ.

ರಾತ್ರಿಯದು ಸ್ವಲ್ಪ ಸೂಕ್ಷ್ಮ. ‘ಎರಡು ಕನಸು’ ಚಿತ್ರದ ‘ಎಂದೆಂದೂ ನಿನ್ನನು ಮರೆತು’, ‘ಮುಂಗಾರು ಮಳೆ’ಯ ‘ಅನಿಸುತಿದೆ ಯಾಕೋ ಇಂದು’, ಕಡೆಯಲ್ಲಿ ಪುರಂದರದಾಸರ ‘ತೂಗಿರೆ ರಂಗನ’ ಸಾಕು. ಸಿ. ಅಶ್ವಥ್ ಅವರ ಭಾವಗೀತೆಗಳು ನನಗೆ ಪ್ರಾಣ. ಆದರೆ ಅವರ ದನಿ ತಾರಕಕ್ಕೇರಿದರೆ ಮಲಗಿದವರು ಏಳುತ್ತಾರೆ, ಅವನ್ನು ರಾತ್ರಿಗೆ ಹಾಕಬೇಡಿ. ಹಳೆಯ ಹಾಡಿನ ಹಿಂದೆಯೇ ಹೊಸದು ಬಂದಾಗ ಸದ್ದು ಒಮ್ಮೆಲೇ ಜಿಗಿಯುವುದೂ ಉಂಟು. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಧ್ವನಿಮಟ್ಟ ಸಮ ಮಾಡುವ ಆಯ್ಕೆಯನ್ನು ಆನ್ ಮಾಡಿಡಿ. ಉಚಿತ ಖಾತೆಯಾದರೆ ನಡುವೆ ಜಾಹೀರಾತು ನುಗ್ಗುತ್ತದೆ, ರಾತ್ರಿ ಮಟ್ಟಿಗೆ ಹಣ ಕಟ್ಟಿದವರ ಫೋನಿನಿಂದಲೇ ಹಾಕುವುದು ಲೇಸು. ಹಾಡು ನಡೆಯುತ್ತಿರುವ ಪರದೆಯಲ್ಲಿ Sleep timer ಇದೆ, 30 ನಿಮಿಷಕ್ಕೆ ಇಟ್ಟರೆ ತಾನಾಗಿ ನಿಲ್ಲುತ್ತದೆ.

ಎಲ್ಲವನ್ನೂ ಇಷ್ಟರಲ್ಲಿ ಬರೆಯಬಹುದು:

‘ನಮಸ್ಕಾರ, ರೂಮಿಗೆ ಸ್ವಾಗತ. ನಿಮಗೂ ಹಾಡೆಂದರೆ ಇಷ್ಟ ಅಂತ ನಿನ್ನೆ ಗೊತ್ತಾಯಿತು, ಖುಷಿಯಾಯಿತು. ಬೆಳಿಗ್ಗೆ 7.15ರಿಂದ 7.45, ರಾತ್ರಿ 10.30ರಿಂದ 11 ಸ್ಪೀಕರ್ ಹಾಕೋಣವೇ? ಎರಡು ಪಟ್ಟಿ ಮಾಡಿ ಮೂರು ಮೂರು ಹಾಡು ಹಾಕಿದ್ದೇನೆ, ಇನ್ನು ಮೂರು ಮೂರು ನಿಮ್ಮವು. ಅವರವರು ಹಾಕಿದ್ದನ್ನು ಅವರವರೇ ತೆಗೆಯೋಣ. ಬೇಡವೆನಿಸಿದ ಹಾಡು ಬಂದರೆ ಆ ಹೊತ್ತಿಗೆ ಮುಂದಕ್ಕೆ ಹಾಕಿಬಿಡಿ, ಕಾರಣ ಹೇಳಬೇಕಿಲ್ಲ. ತಲೆನೋವು, ಪರೀಕ್ಷೆ, ಮನೆಯಿಂದ ಫೋನು ಅಂದರೆ ಆ ದಿನ ಹಾಡಿಲ್ಲ. ನಿಮಗೆ ಹೊಂದದ್ದು ಏನಿದ್ದರೂ ಇದೇ ಚೀಟಿಯ ಮೇಲೆ ತಿದ್ದಿ.’

ಮಾತು ‘ಮಾಡೋಣವೇ’ ಎಂದೇ ಇರಲಿ. ‘ಮಾಡಬೇಕು’ ಎಂದು ಬರೆದರೆ ವಾರ್ಡನ್ ನೋಟಿಸ್ ಓದಿದಂತಾಗುತ್ತದೆ.

ಸದ್ದು ಎಷ್ಟಿರಬೇಕೆಂಬುದನ್ನು ಬರೆದು ತಿಳಿಸುವುದು ಕಷ್ಟ, ಇಬ್ಬರೂ ಸೇರಿ ನೋಡಿಯೇ ಗೊತ್ತುಮಾಡಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6, ನಿಮ್ಮ ರಾತ್ರಿ ಪಟ್ಟಿ ಬರುವುದು ಆ ಹೊತ್ತಿನೊಳಗೇ. ಒಬ್ಬರು ಬಾಗಿಲೆಳೆದುಕೊಂಡು ಕಾರಿಡಾರಿನಲ್ಲಿ ನಿಲ್ಲಿ, ಇನ್ನೊಬ್ಬರು ಸದ್ದು ಇಳಿಸುತ್ತಾ ಬರಲಿ. ಹಾಡಿನ ಪದಗಳು ಹೊರಗೆ ಕೇಳದಂತಾದಾಗ ನಿಲ್ಲಿಸಿ, ಫೋನಿನಲ್ಲಿ ಆ ಮಟ್ಟ ಎಲ್ಲಿದೆಯೆಂದು ನೋಡಿ ಚೀಟಿಯ ಕೆಳಗೆ ಬರೆದುಕೊಳ್ಳಿ.