ಕೆನಡಾದಲ್ಲಿ ಮಕ್ಕಳನ್ನ ಸಾಕರ್‌ಗೆ ಸೇರಿಸ್ತಿದೀರಾ? ಹನ್ನೆರಡರ ಒಳಗೆ ಸ್ಕೋರ್ ಯಾಕೆ ಬರೆಯಲ್ಲ, ಕೋಚಿಂಗ್ ಹೇಗಿರಬೇಕು

ಒಂಟಾರಿಯೊಗೆ ಹೊಸದಾಗಿ ಬಂದ ನಮ್ಮ ಕಡೆಯ ಅಪ್ಪ ಅಮ್ಮಂದಿರು ಬೇಸಿಗೆಯಲ್ಲಿ ಮಗುನ ಸಾಕರ್ ಕ್ಲಬ್ಬಿಗೆ ಸೇರಿಸ್ತಾರೆ, ಎರಡನೇ ವಾರಕ್ಕೇ ಗೊಂದಲ ಶುರು. ಮ್ಯಾಚ್ ಮುಗೀತು, ಯಾರು ಗೆದ್ರು ಅಂತ ಕೇಳಿದ್ರೆ ಕೋಚ್ ನಗ್ತಾರೆ, ವೆಬ್‌ಸೈಟಲ್ಲಿ ಪಾಯಿಂಟ್ಸ್ ಟೇಬಲ್ ಇಲ್ಲ, ಚೆನ್ನಾಗಿ ಆಡೋ ಹುಡುಗನನ್ನೂ ಅರ್ಧ ಆಟ ಹೊರಗೆ ಕೂರಿಸ್ತಾರೆ. ಇವರಿಗೆ ಸೀರಿಯಸ್‌ನೆಸ್ಸೇ ಇಲ್ಲ ಅನ್ಸತ್ತೆ. ಆದ್ರೆ ಇದೆಲ್ಲ ಬೇಕಂತಲೇ ಮಾಡಿರೋದು, ಹಿಂದೆ ಒಂದು ಪ್ಲಾನ್ ಇದೆ. ಅದನ್ನ ತಿಳ್ಕೊಂಡ್ರೆ ಯಾವ ಕ್ಲಬ್ ಸರಿಯಾಗಿ ಕಲಿಸ್ತಿದೆ, ಯಾವುದು ಸುಮ್ನೆ ದುಡ್ಡು ತಗೊಳ್ತಿದೆ ಅಂತ ಮೈದಾನದ ಪಕ್ಕ ಕೂತೇ ಗೊತ್ತಾಗತ್ತೆ.

ಆ ಪ್ಲಾನಿಗೆ ಲಾಂಗ್ ಟರ್ಮ್ ಅಥ್ಲೀಟ್ ಡೆವಲಪ್‌ಮೆಂಟ್ ಅಂತಾರೆ, ಶಾರ್ಟ್ ಆಗಿ ಎಲ್‌ಟಿಎಡಿ. ಹಂಗೇರಿ ಮೂಲದ ಇಶ್ತ್ವಾನ್ ಬಾಲ್ಯಿ ಅನ್ನೋರು ಇದರ ಮುಖ್ಯ ರೂವಾರಿ, ಕೆನಡಾ ಇದನ್ನ 2005ರಲ್ಲಿ ದೇಶದ ಮಟ್ಟದ ಚೌಕಟ್ಟಾಗಿ ತಂತು, ಆಮೇಲೆ ಒಂದೊಂದು ಆಟದವರೂ ತಮ್ಮ ಆಟಕ್ಕೆ ತಕ್ಕಂತೆ ತಿದ್ದಿಕೊಂಡ್ರು. ಇದರಲ್ಲಿ ಏಳು ಹಂತ ಇವೆ, ನಮಗೆ ಬೇಕಾಗಿರೋದು ಮೊದಲ ಮೂರೇ. ಆಕ್ಟಿವ್ ಸ್ಟಾರ್ಟ್ ಅಂದ್ರೆ ಆರು ವರ್ಷದವರೆಗೆ. ಫಂಡಮೆಂಟಲ್ಸ್ ಅಂದ್ರೆ ಹುಡುಗಿಯರಿಗೆ ಸುಮಾರು 6ರಿಂದ 8, ಹುಡುಗರಿಗೆ 6ರಿಂದ 9. ಲರ್ನ್ ಟು ಟ್ರೈನ್ ಅಂದ್ರೆ ಹುಡುಗಿಯರಿಗೆ 8ರಿಂದ 11, ಹುಡುಗರಿಗೆ 9ರಿಂದ 12. ಹುಡುಗಿಯರು ಬೇಗ ಬೆಳೀತಾರೆ, ಅದಕ್ಕೇ ಒಂದು ವರ್ಷ ಮುಂದೆ.

ಆಕ್ಟಿವ್ ಸ್ಟಾರ್ಟ್ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ, ಓಡು, ಹಾರು, ಉರುಳು, ಚೆಂಡು ಒದಿ, ಸಾಧ್ಯ ಆದ್ರೆ ಅಪ್ಪನೋ ಅಮ್ಮನೋ ಜೊತೆಗಿರಲಿ. ನಾಲ್ಕು ವರ್ಷದ ಮಗುಗೆ ಪೊಸಿಷನ್ ಹೇಳಿಕೊಡೋ ಕೋಚ್ ಸಿಕ್ಕಿದ್ರೆ ಬೇರೆ ಕಡೆ ನೋಡಿ.

ಫಂಡಮೆಂಟಲ್ಸ್ ಹಂತದಲ್ಲಿ ಇಲ್ಲಿನವರು ಫಿಸಿಕಲ್ ಲಿಟರಸಿ ಅನ್ನೋ ಮಾತನ್ನ ಪದೇ ಪದೇ ಹೇಳ್ತಾರೆ. ಬ್ಯಾಲೆನ್ಸ್, ದಿಕ್ಕು ಬದಲಿಸೋದು, ಎಸೆಯೋದು, ಹಿಡಿಯೋದು, ಒಂಟಿ ಕಾಲಲ್ಲಿ ಕುಪ್ಪಳಿಸೋದು, ಇವೆಲ್ಲ ಯಾವ ಆಟಕ್ಕಾದ್ರೂ ಬೇಕಾಗೋ ಮೂಲ ಚಲನೆಗಳು, ಅದು ಮೊದಲು ಕೂರಲಿ ಅಂತ. ಅದಕ್ಕೇ ಸಾಕರ್ ಕ್ಲಾಸಲ್ಲೂ ಕೈಯಲ್ಲಿ ಚೆಂಡು ಹಿಡ್ಕೊಂಡು ಟ್ಯಾಗ್ ಆಡಿಸ್ತಾರೆ, ನೋಡಿದವರಿಗೆ ಇದೇನು ಮುಟ್ಟಾಟಕ್ಕೆ ದುಡ್ಡು ಕೊಟ್ವಾ ಅನ್ಸತ್ತೆ! ಕೆನಡಾ ಸಾಕರ್‌ನವರು ಈ ವಯಸ್ಸಿಗೆ ಹೇಳೋ ಪ್ರಾಕ್ಟೀಸ್ ಸ್ಟೇಷನ್ ಪದ್ಧತಿದು. ಮೈದಾನವನ್ನ ನಾಲ್ಕು ಭಾಗ ಮಾಡ್ತಾರೆ, ಒಂದ್ರಲ್ಲಿ ಚೆಂಡಿಲ್ಲದ ಚಲನೆ, ಒಂದ್ರಲ್ಲಿ ಚೆಂಡಿನ ಜೊತೆ ಕೋಆರ್ಡಿನೇಷನ್, ಒಂದ್ರಲ್ಲಿ ಟೆಕ್ನಿಕ್, ಒಂದ್ರಲ್ಲಿ ಚಿಕ್ಕ ಮ್ಯಾಚ್. ಮಕ್ಕಳ ಗುಂಪುಗಳು ಸ್ವಲ್ಪ ಸ್ವಲ್ಪ ಹೊತ್ತಿಗೆ ಒಂದರಿಂದ ಇನ್ನೊಂದಕ್ಕೆ ತಿರುಗ್ತವೆ.

ಇದು ಯಾಕೆ ಅಂತ ಒಂದು ಲೆಕ್ಕ ಹಾಕಿ ನೋಡಿ. ಹನ್ನೆರಡು ಮಕ್ಕಳು, ಒಬ್ಬ ಕೋಚ್, ಒಂದೇ ಸಾಲು, ಒಬ್ಬೊಬ್ಬರಾಗಿ ಕೋನ್ ಸುತ್ತಿ ಗೋಲಿಗೆ ಒದೀಬೇಕು. ಒಬ್ಬರ ಸರದಿಗೆ 20 ಸೆಕೆಂಡ್ ಅಂದ್ರೆ ಸಾಲು ಒಂದು ಸುತ್ತು ಬರೋಕೆ 4 ನಿಮಿಷ, ಒಂದು ಗಂಟೆಗೆ 15 ಸುತ್ತು, ಅಂದ್ರೆ ನಿಮ್ಮ ಮಗು ಆಡಿದ್ದು 15 ಸಲ 20 ಸೆಕೆಂಡ್, ಒಟ್ಟು ಐದೇ ನಿಮಿಷ. ಉಳಿದ 55 ನಿಮಿಷ ಸಾಲಲ್ಲಿ ನಿಂತು ಪಕ್ಕದವನ ಶರ್ಟ್ ಎಳೆದಿದ್ದು. ಅದೇ ಹನ್ನೆರಡು ಮಕ್ಕಳನ್ನ ಮೂರು ಮೂರರ ನಾಲ್ಕು ಟೀಮ್ ಮಾಡಿ ಎರಡು ಪುಟ್ಟ ಅಂಕಣದಲ್ಲಿ ಬಿಟ್ರೆ ಯಾರೂ ನಿಲ್ಲೋದೇ ಇಲ್ಲ. ಹಾಗಾಗಿ ಕ್ಲಬ್ ನೋಡೋಕೆ ಹೋದಾಗ ಕೋಚ್ ಎಷ್ಟು ಜೋರಾಗಿ ಕೂಗ್ತಾರೆ, ಯಾವ ಬ್ರ್ಯಾಂಡ್ ಜಾಕೆಟ್ ಹಾಕಿದಾರೆ ಅಂತ ನೋಡಬೇಡಿ, ಒಂದು ಹೊತ್ತಿನಲ್ಲಿ ಎಷ್ಟು ಮಕ್ಕಳು ಸುಮ್ನೆ ನಿಂತಿದಾರೆ ಅಂತ ಎಣಿಸಿ. ಫಿಟ್‌ನೆಸ್‌ಗೆ ಅಂತ ಏಳು ವರ್ಷದವರನ್ನ ಮೈದಾನದ ಸುತ್ತ ರೌಂಡ್ ಹೊಡೆಸ್ತಿದ್ರೆ ಅದೂ ಸರಿ ಇಲ್ಲ, ಆ ವಯಸ್ಸಿಗೆ ಬೇಕಾದ ಓಟ ಆಟದಲ್ಲೇ ಸಿಗತ್ತೆ.

ಮ್ಯಾಚಿನ ಅಳತೆಯೂ ಇದೇ ಲೆಕ್ಕದ ಮೇಲೆ ನಿಂತಿದೆ. ಚಿಕ್ಕವರು ಮೂರು ಮೂರು ಜನ ಆಡ್ತಾರೆ, U8, ಅಂದ್ರೆ ಆ ವರ್ಷ ಎಂಟು ತುಂಬೋ ಮಕ್ಕಳ ಗುಂಪಿನ ಹೊತ್ತಿಗೆ ಐದೈದು, U9–U10ಗೆ ಏಳೇಳು, U11–U12ಗೆ ಒಂಬತ್ತು ಒಂಬತ್ತು, ಹನ್ನೊಂದು ಜನರ ಪೂರ್ತಿ ಮೈದಾನ ಬರೋದು U13ಕ್ಕೆ. ಚೆಂಡೂ ಅಷ್ಟೇ, U8ವರೆಗೆ 3ನೇ ಸೈಜು, ಆಮೇಲೆ U12ವರೆಗೆ 4, ಅದಕ್ಕೆ ದೊಡ್ಡವನಾದ್ಮೇಲೂ ಬರತ್ತೆ ಅಂತ 5ನೇ ಸೈಜ್ ಚೆಂಡು ತಂದುಕೊಡಬೇಡಿ. ಏಳೇಳು ಜನರ ಆಟದಲ್ಲಿ ರಿಟ್ರೀಟ್ ಲೈನ್ ಅಂತ ಇರತ್ತೆ, ಗೋಲ್ ಕಿಕ್ ಹೊತ್ತಿಗೆ ಎದುರಾಳಿಗಳೆಲ್ಲ ಆ ಗೆರೆ ಹಿಂದಕ್ಕೆ ಹೋಗಬೇಕು, ಗೋಲ್‌ಕೀಪರ್ ಮಗು ಹೆದರಿ ದೂರಕ್ಕೆ ಒದ್ದುಬಿಡೋ ಬದಲು ಪಕ್ಕದವನಿಗೆ ಪಾಸ್ ಕೊಟ್ಟು ಆಟ ಕಟ್ಟೋದು ಕಲೀಲಿ ಅಂತ.

ಇನ್ನು ಸ್ಕೋರ್ ವಿಷಯ. ಒಂಟಾರಿಯೊ ಸಾಕರ್‌ನವರು 2013–14ರ ಸುಮಾರಿಗೆ U12 ಮತ್ತು ಅದಕ್ಕಿಂತ ಕೆಳಗೆ ಸ್ಕೋರು, ಪಾಯಿಂಟ್ಸ್ ಟೇಬಲ್ ಎರಡನ್ನೂ ಕೈಬಿಟ್ರು, ಆಗ ಇಲ್ಲಿನ ಪೇಪರಲ್ಲೆಲ್ಲ ಮಕ್ಕಳನ್ನ ಮೆತ್ತಗೆ ಮಾಡ್ತಿದೀರಿ ಅಂತ ಗಲಾಟೆ ಆಯ್ತು. ಮಕ್ಕಳು ಗೋಲು ಎಣಿಸ್ತಾರೆ ಬಿಡಿ, ಅದನ್ನ ಯಾರು ತಡೀತಾರೆ. ತಡೆಯೋದು ಕೋಚನ್ನ. ಪಾಯಿಂಟ್ಸ್ ಇದ್ರೆ ಕೋಚ್ ಏನು ಮಾಡ್ತಾನೆ, ಎತ್ತರ ಇರೋ ಹುಡುಗನನ್ನ ಹಿಂದೆ ನಿಲ್ಸಿ ದೂರಕ್ಕೆ ಒದಿ ಅಂತಾನೆ, ಜೋರಾಗಿ ಓಡೋನನ್ನ ಮುಂದೆ ಬಿಡ್ತಾನೆ, ಉಳಿದವರು ಬೆಂಚಲ್ಲಿ. ಒಂಬತ್ತನೇ ವಯಸ್ಸಲ್ಲಿ ಇದರಿಂದ ಮ್ಯಾಚ್ ಗೆಲ್ಲಬಹುದು, ಆದ್ರೆ ಯಾರಿಗೂ ಪಾಸಿಂಗ್ ಬರಲ್ಲ.

ಈಗ ನಮ್ಮವರಿಗೆ ತುಂಬಾ ತಟ್ಟೋ ಒಂದು ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದನ್ನ ಯಾರೂ ಹೇಳಲ್ಲ. ಇಲ್ಲಿ ವಯಸ್ಸಿನ ಗುಂಪು ಕ್ಯಾಲೆಂಡರ್ ವರ್ಷದ ಮೇಲೆ, ಜನವರಿ 1ರಿಂದ ಡಿಸೆಂಬರ್ 31. 2026ರಲ್ಲಿ U9 ಅಂದ್ರೆ 2017ರಲ್ಲಿ ಹುಟ್ಟಿದ ಎಲ್ಲರೂ. ಒಂದೇ ಟೀಮಲ್ಲಿ ಇಬ್ರು ಹುಡುಗಿಯರು ಅಂದ್ಕೊಳ್ಳಿ, ಒಬ್ಬಳು ಜನವರಿ, ಇನ್ನೊಬ್ಬಳು ಡಿಸೆಂಬರ್. ಮೇ ತಿಂಗಳಲ್ಲಿ ಸೀಸನ್ ಶುರುವಾದಾಗ ಮೊದಲನೆಯವಳಿಗೆ 9 ವರ್ಷ 4 ತಿಂಗಳು, ಎರಡನೆಯವಳಿಗೆ 8 ವರ್ಷ 5 ತಿಂಗಳು. ಆ ಹನ್ನೊಂದು ತಿಂಗಳಲ್ಲಿ ನಾಲ್ಕೈದು ಸೆಂಟಿಮೀಟರ್ ಎತ್ತರ, ಕಾಲಿನ ಬಲ, ಹೇಳಿದ್ದನ್ನ ಕೇಳಿಸ್ಕೊಂಡು ನೆನಪಿಡೋದು, ಎಲ್ಲದರಲ್ಲೂ ವ್ಯತ್ಯಾಸ ಕಾಣತ್ತೆ, ಮತ್ತೆ ಕೋಚ್ ಕಣ್ಣಿಗೆ ಅದು ಟ್ಯಾಲೆಂಟ್ ಥರ ಕಾಣತ್ತೆ. ಕೆನಡಾದ ಐಸ್ ಹಾಕಿಯಲ್ಲಿ ಇದನ್ನ 1980ರ ದಶಕದಲ್ಲೇ ಗುರುತಿಸಿದ್ರು, ಮೇಲಿನ ಲೀಗುಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಇದ್ರು, ಇದಕ್ಕೆ ರಿಲೆಟಿವ್ ಏಜ್ ಎಫೆಕ್ಟ್ ಅಂತಾರೆ. ಕರ್ನಾಟಕದಲ್ಲಿ ಸ್ಕೂಲ್ ಅಡ್ಮಿಷನ್ನಿಗೆ ಜೂನ್ 1ರ ಲೆಕ್ಕ ಅಲ್ವಾ, ಅಲ್ಲಿ ಡಿಸೆಂಬರ್ ಮಗು ಕ್ಲಾಸಿನ ನಡುವಿನ ವಯಸ್ಸಿನದು, ಇಲ್ಲಿಗೆ ಬಂದ ತಕ್ಷಣ ಸ್ಕೂಲಲ್ಲೂ ಟೀಮಲ್ಲೂ ಎಲ್ಲರಿಗಿಂತ ಚಿಕ್ಕದು. ಬೆಂಗಳೂರಲ್ಲಿ ಚುರುಕಾಗಿದ್ಲು, ಇಲ್ಲಿ ಬಂದು ಮಂಕಾದ್ಲು ಅಂತ ನೀವು ತಲೆ ಕೆಡಿಸ್ಕೊಂಡಿದ್ರೆ ಮೊದಲು ಹುಟ್ಟಿದ ತಿಂಗಳು ನೋಡಿ.

ಲರ್ನ್ ಟು ಟ್ರೈನ್ ಹಂತಕ್ಕೆ ಬಂದ್ರೆ ನಿಜವಾದ ಕೌಶಲ ಕಲಿಯೋದು ಇಲ್ಲೇ, ಎರಡೂ ಕಾಲಲ್ಲಿ ಪಾಸ್, ಮೊದಲ ಟಚ್, ತಲೆ ಎತ್ತಿ ನೋಡೋದು. ಈ ವಯಸ್ಸಿಗೆ ಎಲ್‌ಟಿಎಡಿ ಹೇಳೋದು ಪ್ರಾಕ್ಟೀಸ್ 70 ಭಾಗ, ಮ್ಯಾಚ್ 30 ಭಾಗ. ವಾರಕ್ಕೆ ಎರಡು ಪ್ರಾಕ್ಟೀಸ್ ಒಂದು ಮ್ಯಾಚ್ ಅಂದ್ರೆ ಹತ್ತಿರಹತ್ತಿರ ಸರಿ ಹೋಗತ್ತೆ. ಹಾಳಾಗೋದು ಟೂರ್ನಮೆಂಟ್ ವೀಕೆಂಡಲ್ಲಿ, ಶನಿವಾರ ಭಾನುವಾರ ನಾಲ್ಕು ಮ್ಯಾಚು, ಆ ವಾರ ಪ್ರಾಕ್ಟೀಸ್ ಒಂದೇ, ಬೇಸಿಗೆಯಲ್ಲಿ ಇಂಥ ವೀಕೆಂಡು ಸಾಲು ಸಾಲಾಗಿ ಬಂದ್ರೆ ಅನುಪಾತ ಉಲ್ಟಾ, ಮಗು ತನಗೆ ಬರೋದನ್ನೇ ಆಡ್ತಾ ಹೋಗತ್ತೆ, ಬರದ ಎಡಗಾಲು ಬರದೇ ಇರತ್ತೆ.

ಈ ಹಂತದ ಕೊನೆಯನ್ನ ಹುಟ್ಟುಹಬ್ಬ ಹೇಳಲ್ಲ, ಎತ್ತರ ಹೇಳತ್ತೆ. ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಸಿ ಗುರುತು ಹಾಕಿ. ವರ್ಷಕ್ಕೆ ಐದಾರು ಸೆಂಟಿಮೀಟರ್ ಬೆಳೀತಿದ್ದ ಮಗು ಇದ್ದಕ್ಕಿದ್ದಂತೆ ಮೂರು ತಿಂಗಳಲ್ಲಿ ಎರಡು ಸೆಂಟಿಮೀಟರ್ ದಾಟಿದ್ರೆ ಬೆಳವಣಿಗೆಯ ಜೋರು ಶುರುವಾಗಿರಬಹುದು, ಮುಂದಿನ ಮೂರು ತಿಂಗಳಲ್ಲೂ ಹಾಗೇ ಇದ್ರೆ ಹೆಚ್ಚುಕಡಿಮೆ ಖಾತ್ರಿ. ಅದು ತುತ್ತತುದಿಗೆ ಹೋಗೋದು ಹುಡುಗಿಯರಲ್ಲಿ ಸುಮಾರು 12, ಹುಡುಗರಲ್ಲಿ ಸುಮಾರು 14ರ ಹೊತ್ತಿಗೆ, ಮಗುವಿಂದ ಮಗುವಿಗೆ ಹಿಂದೆ ಮುಂದೆ ಆಗತ್ತೆ. ಆಗ ಕೈಕಾಲು ಉದ್ದ ಆಗಿ ಆಟ ಸ್ವಲ್ಪ ಕೆಡತ್ತೆ, ಇದ್ದ ಡ್ರಿಬ್ಲಿಂಗ್ ಮರೆತವರ ಥರ ಆಡ್ತಾರೆ, ಮಂಡಿ ಕೆಳಗೆ ಅಥವಾ ಹಿಮ್ಮಡಿಯಲ್ಲಿ ನೋವು ಅಂತಾರೆ. ಸೋಮಾರಿತನ ಅಂತ ಬೈಬೇಡಿ, ಆಟ ಕಡಿಮೆ ಮಾಡಿಸಿ, ಕುಂಟ್ತಾ ನಡೀತಿದ್ರೆ ಡಾಕ್ಟರಿಗೆ ತೋರಿಸಿ.

ಹಾಗಂತ ಎಲ್‌ಟಿಎಡಿ ಪೂರ್ತಿ ವೇದವಾಕ್ಯ ಅಲ್ಲ. ಮೊದಲ ಆವೃತ್ತಿಯಲ್ಲಿ ಇಂಥ ವಯಸ್ಸಲ್ಲಿ ವೇಗ, ಇಂಥ ವಯಸ್ಸಲ್ಲಿ ಕೌಶಲ, ಆ ಕಿಟಕಿ ಮುಚ್ಚಿದ್ರೆ ಮುಗೀತು ಅನ್ನೋ ಧಾಟಿ ಇತ್ತು, ಅದಕ್ಕೆ ಪುರಾವೆ ಸಾಲದು ಅಂತ 2011ರಲ್ಲಿ ಸಂಶೋಧಕರು ಬರೆದ್ರು, 2019ರ ಮೂರನೇ ಆವೃತ್ತಿಗೆ ಹೆಸರಿಂದ ಅಥ್ಲೀಟ್ ಅನ್ನೋದನ್ನೂ ತೆಗೆದ್ರು. ಆದ್ರೆ ಕೆಲವು ಪ್ರೈವೇಟ್ ಅಕಾಡೆಮಿಯವರು ಇವತ್ತಿಗೂ ಅದೇ ಕಿಟಕಿ ಕಥೆ ಹೇಳಿ ಎಂಟು ವರ್ಷದವರಿಗೆ ವರ್ಷಪೂರ್ತಿ ಎಲೀಟ್ ಪ್ಯಾಕೇಜ್ ಮಾರ್ತಾರೆ. ಜಿಮ್ನಾಸ್ಟಿಕ್ಸ್, ಫಿಗರ್ ಸ್ಕೇಟಿಂಗ್, ಡೈವಿಂಗ್ ಥರದ್ದಕ್ಕೆ ಬೇಗ ಶುರು ಮಾಡಬೇಕು, ಅದು ನಿಜ. ಸಾಕರ್, ಹಾಕಿ, ಕ್ರಿಕೆಟ್ ಹಾಗಲ್ಲ. ಒಂಟಾರಿಯೊದ ಮೇಲ್ಮಟ್ಟದ ಒಪಿಡಿಎಲ್ ಲೀಗ್ ಶುರುವಾಗೋದೇ U13ಕ್ಕೆ, ಎಂಟಕ್ಕೆ ತಪ್ಪಿಹೋಗೋಕೆ ಅಲ್ಲಿ ಬಸ್ಸೇ ಇಲ್ಲ. ಚಳಿಗಾಲದಲ್ಲಿ ಈಜು, ಸ್ಕೇಟಿಂಗ್, ಕಮ್ಯುನಿಟಿ ಸೆಂಟರಿನ ಜಿಮ್ನಾಸ್ಟಿಕ್ಸ್, ಯಾವುದಾದ್ರೂ ಬೇರೆ ಆಟಕ್ಕೆ ಸೇರಿಸಿ, ಖರ್ಚೂ ಕಡಿಮೆ.

ಇನ್ನೊಂದು, ಕ್ಲಬ್ಬಿನೊಳಗೇ ಆಡೋ ಹೌಸ್ ಲೀಗಲ್ಲಿ ಕೋಚ್ ಅಂದ್ರೆ ಬಹಳ ಸಲ ಇನ್ನೊಬ್ಬ ಮಗುವಿನ ಅಪ್ಪನೋ ಅಮ್ಮನೋ, ಸಂಬಳ ಇಲ್ಲದೆ ಬರ್ತಾರೆ. ಅವರಿಗೂ ಈ ಹಂತಗಳ ಹೆಸರಲ್ಲೇ ಕೋರ್ಸ್ ಇವೆ, ಫಂಡಮೆಂಟಲ್ಸ್‌ಗೆ ಒಂದು, ಲರ್ನ್ ಟು ಟ್ರೈನ್‌ಗೆ ಒಂದು. ಫೀಸ್ ಕಟ್ಟೋ ಮೊದಲು ಕ್ಲಬ್ಬಿಗೆ ಎರಡು ಪ್ರಶ್ನೆ ಇಮೇಲ್ ಮಾಡಿ: ನನ್ನ ಮಗುವಿನ ಗುಂಪಿನ ಕೋಚ್ ಇದರಲ್ಲಿ ಯಾವ ಕೋರ್ಸ್ ಮಾಡಿದಾರೆ, ಪ್ರತಿ ಮ್ಯಾಚಲ್ಲಿ ಎಲ್ಲ ಮಕ್ಕಳಿಗೂ ಕನಿಷ್ಠ ಎಷ್ಟು ಹೊತ್ತು ಆಡೋಕೆ ಸಿಗತ್ತೆ. ಒಳ್ಳೆ ಕ್ಲಬ್ ನೇರ ಉತ್ತರ ಕೊಡತ್ತೆ, ಉತ್ತರದ ಬದಲು ಟ್ರೋಫಿಗಳ ಫೋಟೋ ಬಂದ್ರೆ ಪಕ್ಕದ ಊರಿನ ಕ್ಲಬ್ ವಿಚಾರಿಸಿ. ಫೀಸ್ ಭಾರ ಆಗ್ತಿದ್ರೆ ಜಂಪ್‌ಸ್ಟಾರ್ಟ್, ಕಿಡ್‌ಸ್ಪೋರ್ಟ್ ಅಂತ ಎರಡು ಸಂಸ್ಥೆ ಕಡಿಮೆ ಆದಾಯದವರಿಗೆ ಸಹಾಯ ಮಾಡ್ತವೆ, ಅರ್ಜಿ ಹಾಕೋಕೆ ಸಂಕೋಚ ಬೇಡ, ಸೀಸನ್ ಶುರುವಾಗೋ ಎಷ್ಟೋ ಮೊದಲೇ ಹಾಕಿ.