ಮೊದಲು ಲಿಂಕ್, ಆಮೇಲೆ ಆಟ: ಮೊಬೈಲ್ ಆಟವನ್ನು ಕನ್ಸೋಲ್‌ಗೆ ಒಯ್ಯುವುದು ಹೇಗೆ?

ಹೊಸ ಕನ್ಸೋಲ್ ಬಂದ ದಿನ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಆಟ ಇಳಿಸಿಕೊಂಡು, ಪರದೆಯ ಮೇಲೆ ಮೊದಲು ಕಂಡ ಬಟನ್ ಒತ್ತಿ ನೇರ ಒಳಗೆ ನುಗ್ಗುವುದು. ಅರ್ಧ ಗಂಟೆ ಕಳೆದ ಮೇಲೆ ಶುರು: ‘ಮೊಬೈಲ್‌ನಲ್ಲಿ ಗಳಿಸಿದ್ದೆಲ್ಲ ಎಲ್ಲಿ ಹೋಯ್ತು?’ ಎಲ್ಲೂ ಹೋಗಿರುವುದಿಲ್ಲ. ಕನ್ಸೋಲ್ ಸದ್ದಿಲ್ಲದೆ ಇನ್ನೊಂದು ಖಾತೆ ತೆರೆದಿರುತ್ತದೆ, ಅಷ್ಟೆ. ಆದರೆ ಆ ಗಂಟನ್ನು ಬಿಚ್ಚುವುದರಲ್ಲಿ ಒಂದು ಇಡೀ ಸಂಜೆ ಹೋಗುತ್ತದೆ.

ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಕ್ರಾಸ್‌ಪ್ಲೇ ಎಂದರೆ ಫೋನ್, ಕಂಪ್ಯೂಟರ್, ಕನ್ಸೋಲ್‌ಗಳಲ್ಲಿ ಇರುವವರನ್ನು ಸರ್ವರ್ ಒಂದೇ ಪಂದ್ಯಕ್ಕೆ ಸೇರಿಸುವುದು. ಕ್ರಾಸ್ ಪ್ರೊಗ್ರೆಷನ್ ಎಂದರೆ ನಿಮ್ಮ ಲೆವೆಲ್, ಉಡುಪು, ಆಯುಧಗಳು ಯಂತ್ರದಲ್ಲಿ ಇರದೆ ಆಟದ ಕಂಪನಿಯ ಸರ್ವರ್‌ನಲ್ಲಿ ನಿಮ್ಮ ಖಾತೆಯ ಹೆಸರಿನಲ್ಲಿ ಇರುವುದು. ಒಂದು ಇದ್ದರೆ ಇನ್ನೊಂದೂ ಇರಬೇಕೆಂದಿಲ್ಲ. ಡೆಸ್ಟಿನಿ 2 ಆಟದಲ್ಲಿ ಪ್ರಗತಿ ಒಯ್ಯುವ ಸೌಲಭ್ಯ 2019ರಲ್ಲೇ ಬಂತು, ಬೇರೆ ಯಂತ್ರದವರ ಜೊತೆ ಆಡಲು ಜನ 2021ರವರೆಗೆ ಕಾಯಬೇಕಾಯಿತು. ಹಾಗಾಗಿ ‘ಕ್ರಾಸ್‌ಪ್ಲೇ ಇದೆ’ ಎಂಬ ಒಂದೇ ಮಾತು ನಂಬಿ ಎರಡನೇ ಯಂತ್ರಕ್ಕೆ ಆಟ ಕೊಳ್ಳಬೇಡಿ.

ಫೋನ್‌ನಲ್ಲಿ ಗೂಗಲ್ ಲಾಗಿನ್ ಬಳಸಿ ಫೋರ್ಟ್‌ನೈಟ್ ಆಡುತ್ತಿದ್ದವರು ಪಿಎಸ್5ಗೆ ಹೋಗುವ ಉದಾಹರಣೆಯನ್ನೇ ಹಿಡಿಯೋಣ.

1. ಹಳೆಯ ಖಾತೆಗೆ ಬೀಗ ಹಾಕಿಕೊಳ್ಳಿ. ಕನ್ಸೋಲ್‌ನಲ್ಲಿ ಆಟ ತೆರೆಯುವುದಕ್ಕೂ ಮುಂಚೆ ಮಾಡುವ ಕೆಲಸ ಇದು. ಫೋನ್‌ನಲ್ಲಿ ಯಾವ ಲಾಗಿನ್‌ನಿಂದ ಆಡುತ್ತಿದ್ದೀರಿ ಎಂದು ಪತ್ತೆ ಮಾಡಿ, ಫೋರ್ಟ್‌ನೈಟ್ ತಯಾರಿಸುವ ಎಪಿಕ್ ಕಂಪನಿಯ ಖಾತೆಗೆ ಇಮೇಲ್ ಮತ್ತು ಪಾಸ್‌ವರ್ಡ್ ಕೊಡಿ. ಆ್ಯಪಲ್ ಮೂಲಕ ಲಾಗಿನ್ ಆಗಿ ಇಮೇಲ್ ಮರೆಮಾಡುವ ಆಯ್ಕೆ ಒತ್ತಿದ್ದವರ ಖಾತೆಯಲ್ಲಿ privaterelay.appleid.com ಎಂದು ಕೊನೆಯಾಗುವ ವಿಳಾಸ ಇರುತ್ತದೆ. ನಿಮ್ಮ ಮಾಮೂಲಿ ಇಮೇಲ್ ಹಾಕಿ ಎಷ್ಟು ಹುಡುಕಿದರೂ ಆ ಖಾತೆ ಸಿಗುವುದಿಲ್ಲ, ‘ಖಾತೆಯೇ ಅಳಿಸಿಹೋಗಿದೆ’ ಎಂದು ಗಾಬರಿಯಾಗುವವರು ಬಹುಪಾಲು ಇವರೇ. ಯಾವ ಆಟವಾದರೂ ಸರಿ, ಗೆಸ್ಟ್ ಆಗಿ ಆಡಬೇಡಿ. ಗೆಸ್ಟ್ ಆಟ ಫೋನಿಗೆ ಅಂಟಿಕೊಂಡಿರುತ್ತದೆ, ಆ್ಯಪ್ ತೆಗೆದರೆ ಅದೂ ಹೋಗಬಹುದು.

2. ಬ್ರೌಸರ್‌ನಲ್ಲಿ ಲಿಂಕ್ ಮಾಡಿ. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನ. ಬ್ರೌಸರ್‌ನ ಪ್ರೈವೇಟ್ ಕಿಟಕಿ ತೆರೆಯಿರಿ. ಮಾಮೂಲಿ ಕಿಟಕಿಯಲ್ಲಿ ಅಣ್ಣನದೋ ತಂಗಿಯದೋ ಪ್ಲೇಸ್ಟೇಷನ್ ಖಾತೆ ಮೊದಲೇ ಲಾಗಿನ್ ಆಗಿದ್ದರೆ, ಒಂದು ಮಾತೂ ಕೇಳದೆ ಅದನ್ನೇ ನಿಮ್ಮ ಖಾತೆಗೆ ಕಟ್ಟಿಬಿಡುವ ಸಂಭವ ಹೆಚ್ಚು. ಎಪಿಕ್ ತಾಣದಲ್ಲಿ ಫೋನ್‌ನ ಖಾತೆಯಿಂದಲೇ ಲಾಗಿನ್ ಆಗಿ. ಬಂದ ಹೆಸರು ಆಟದೊಳಗಿನ ನಿಮ್ಮ ಹೆಸರೇ ಹೌದೇ ನೋಡಿ. ಆಮೇಲೆ ಖಾತೆಯ ಸೆಟ್ಟಿಂಗ್‌ನಲ್ಲಿ Apps and Accounts ಎಂಬಲ್ಲಿ ಪ್ಲೇಸ್ಟೇಷನ್ ಆಯ್ದು, ಕನ್ಸೋಲ್‌ನಲ್ಲಿ ಬಳಸುವ ಅದೇ ಪ್ಲೇಸ್ಟೇಷನ್ ಖಾತೆಯ ವಿವರ ಕೊಡಿ. ಮನೆಯಲ್ಲಿ ಇಬ್ಬರು ಆಡುವುದಾದರೆ ಇಬ್ಬರಿಗೂ ಬೇರೆ ಬೇರೆ ಪ್ಲೇಸ್ಟೇಷನ್ ಖಾತೆ ಬೇಕೇ ಬೇಕು.

‘ಈ ಖಾತೆ ಬೇರೆಡೆ ಲಿಂಕ್ ಆಗಿದೆ’ ಎಂಬ ಅರ್ಥದ ಸಂದೇಶ ಬಂದರೆ ನೀವು ಕನ್ಸೋಲ್‌ನಲ್ಲಿ ಮೊದಲೇ ಆಟ ತೆರೆದಿದ್ದೀರಿ ಎಂದೇ ತಿಳಿಯಿರಿ. ಕನ್ಸೋಲ್ ಆಗಲೇ ನಿಮ್ಮ ಪ್ಲೇಸ್ಟೇಷನ್ ಖಾತೆಗೆ ಒಂದು ಅನಾಮಧೇಯ ಎಪಿಕ್ ಖಾತೆಯನ್ನು ಜೋಡಿಸಿರುತ್ತದೆ. ಎಪಿಕ್‌ನಿಂದ ಲಾಗ್‌ಔಟ್ ಆಗಿ, ಈ ಸಲ ಇಮೇಲ್ ಹಾಕದೆ ಪ್ಲೇಸ್ಟೇಷನ್ ಗುರುತನ್ನು ಒತ್ತಿ ಒಳಗೆ ಹೋಗಿ. ಆ ಅನಾಮಧೇಯ ಖಾತೆ ತೆರೆದುಕೊಳ್ಳುತ್ತದೆ. ಇಮೇಲ್ ಕೇಳಿದರೆ ಬೇರೊಂದು ಇಮೇಲ್ ಕೊಡಿ, ಒಂದು ಇಮೇಲ್‌ಗೆ ಎರಡು ಎಪಿಕ್ ಖಾತೆ ಆಗದು. ಅಲ್ಲಿಂದ ಪ್ಲೇಸ್ಟೇಷನ್ ಲಿಂಕ್ ತೆಗೆದು, ಹಳೆಯ ಖಾತೆಗೆ ಮರಳಿ ಜೋಡಿಸಿ. ಅಷ್ಟರೊಳಗೆ ಕನ್ಸೋಲ್‌ನಲ್ಲಿ ಗಳಿಸಿದ್ದೇನಿದ್ದರೂ ಅದು ಅನಾಮಧೇಯ ಖಾತೆಯಲ್ಲೇ ಉಳಿಯುತ್ತದೆ. ಎರಡನ್ನೂ ಕೂಡಿಸುವ ದಾರಿ ಇಲ್ಲ.

ಕೂಡಿಸಿಕೊಡುತ್ತೇವೆ ಎನ್ನುವ ವಿಡಿಯೊಗಳೂ ತಾಣಗಳೂ ಬೇಕಾದಷ್ಟು ಸಿಗುತ್ತವೆ. ಎಪಿಕ್ 2019ರಲ್ಲಿ ಕೆಲವು ತಿಂಗಳು ನಿಜವಾಗಿಯೂ ಅಂಥ ಸೌಲಭ್ಯ ಕೊಟ್ಟಿತ್ತು, ಆಮೇಲೆ ನಿಲ್ಲಿಸಿತು. ಈಗ ಯಾರಾದರೂ ಅದರ ಹೆಸರಲ್ಲಿ ಪಾಸ್‌ವರ್ಡ್ ಕೇಳಿದರೆ ಅವರಿಗೆ ಬೇಕಿರುವುದು ನಿಮ್ಮ ಖಾತೆ. ‘ಲೆವೆಲ್ ಏರಿಸಿದ ಖಾತೆ ಮಾರಾಟಕ್ಕಿದೆ’ ಎಂಬ ಜಾಹೀರಾತಿನ ಸಹವಾಸವೂ ಬೇಡ. ಹಳೆಯ ಮಾಲೀಕ ತನ್ನ ಕನ್ಸೋಲ್ ಗುರುತು ತೋರಿಸಿ ಖಾತೆಯನ್ನು ವಾಪಸ್ ಎಳೆದುಕೊಳ್ಳಬಲ್ಲ.

3. ಈಗ ಕನ್ಸೋಲ್‌ನಲ್ಲಿ ಆಟ ತೆರೆಯಿರಿ. ಹೆಸರು, ಲೆವೆಲ್, ಉಡುಪುಗಳು ಸರಿಯಿದ್ದರೆ ಮುಗಿಯಿತು. ಆಟವು ಹೊಸಬರಿಗೆ ಕೊಡುವ ಪಾಠದಿಂದ ಶುರುವಾದರೆ ಅಲ್ಲೇ ಹೊರಬಂದು ಎರಡನೇ ಹಂತಕ್ಕೆ ಹಿಂತಿರುಗಿ.

ಎಲ್ಲ ಆಟಗಳೂ ಹೀಗೆ ಎಂದುಕೊಳ್ಳಬೇಡಿ. ಡೆಸ್ಟಿನಿ 2ರಲ್ಲಿ ಲಿಂಕ್ ಮಾಡುವಾಗ ಯಾವ ಯಂತ್ರದ ಪಾತ್ರಗಳು ಉಳಿಯಬೇಕು ಎಂದು ಆರಿಸಬೇಕು, ಉಳಿದವು ಮರೆಗೆ ಸರಿಯುತ್ತವೆ. ಆತುರಪಟ್ಟು ಹೊಸ ಕನ್ಸೋಲ್‌ನ ಖಾಲಿ ಪಾತ್ರವನ್ನು ಆರಿಸಿದರೆ ಕಷ್ಟ. ಲಿಂಕ್ ತೆಗೆದು ಮತ್ತೆ ಜೋಡಿಸಲು 90 ದಿನ ಕಾಯಬೇಕು. ಗೆನ್ಶಿನ್ ಇಂಪ್ಯಾಕ್ಟ್‌ನಲ್ಲಿ ಏಷ್ಯಾ, ಯುರೋಪ್ ಎಂದು ಸರ್ವರ್‌ಗಳಿವೆ, ಪ್ರತಿಯೊಂದರಲ್ಲೂ ಪ್ರಗತಿ ಪ್ರತ್ಯೇಕ. ಖಾತೆ ಸರಿಯಾಗಿದ್ದೂ ಮೊದಲ ಲೆವೆಲ್ ಕಂಡರೆ ಮೊದಲು ಸರ್ವರ್ ನೋಡಿ. ಮೈನ್‌ಕ್ರಾಫ್ಟ್‌ನ ಬೆಡ್‌ರಾಕ್ ಆವೃತ್ತಿಯಲ್ಲಿ ಫೋನಿನವರೂ ಕನ್ಸೋಲಿನವರೂ ಕೂಡಿ ಆಡಬಹುದು, ಜಾವಾ ಆವೃತ್ತಿಯವರು ಮಾತ್ರ ಅವರ ಜೊತೆ ಸೇರಲಾರರು. ಬೆಡ್‌ರಾಕ್‌ನಲ್ಲಿಯೂ ನೀವು ಫೋನಿನಲ್ಲಿ ಕಟ್ಟಿದ ಲೋಕ ಫೋನಿನಲ್ಲೇ ಇರುತ್ತದೆ, ಒಂದೇ ಮೈಕ್ರೋಸಾಫ್ಟ್ ಖಾತೆ ಇದ್ದರೂ ತಾನಾಗಿ ಕನ್ಸೋಲ್‌ಗೆ ಬರುವುದಿಲ್ಲ.

4. ದುಡ್ಡಿನ ಲೆಕ್ಕ. ಖಾತೆ ಒಂದೇ ಆದರೂ ಅಂಗಡಿ ಬೇರೆ. ಡೆಸ್ಟಿನಿ 2ರ ದೊಡ್ಡ ವಿಸ್ತರಣೆಗಳನ್ನು ಪ್ರತಿ ಯಂತ್ರಕ್ಕೂ ಬೇರೆಯಾಗಿ ಕೊಳ್ಳಬೇಕು, ಕೊಂಡ ಸಿಲ್ವರ್ ನಾಣ್ಯ ಕೊಂಡ ಯಂತ್ರದಲ್ಲೇ ಖರ್ಚಾಗಬೇಕು. ಫೋರ್ಟ್‌ನೈಟ್‌ನಲ್ಲೂ ನಿಂಟೆಂಡೊ ಸ್ವಿಚ್ ಕನ್ಸೋಲ್‌ನಲ್ಲಿ ಕೊಂಡ ವಿ-ಬಕ್ಸ್ ನಾಣ್ಯ ವರ್ಷಗಟ್ಟಲೆ ಸ್ವಿಚ್ ಬಿಟ್ಟು ಹೊರಬರಲಿಲ್ಲ, ಆದರೆ ಅದರಿಂದ ಕೊಂಡ ಉಡುಪು ಎಲ್ಲ ಕಡೆ ಸಿಗುತ್ತಿತ್ತು. ನನ್ನ ಮಾತು ಕೇಳುವುದಾದರೆ ನಾಣ್ಯ ಕೂಡಿಡಬೇಡಿ, ವಸ್ತು ಬೇಕಾದ ದಿನವೇ ಬೇಕಾದಷ್ಟು ಕೊಳ್ಳಿ.

5. ಗೆಳೆಯ ಕಾಣದಿದ್ದರೆ. ಮೊದಲು ಆವೃತ್ತಿ ನೋಡಿ. ಕನ್ಸೋಲ್ ಕಂಪನಿಗಳೂ ಫೋನಿನ ಆ್ಯಪ್ ಅಂಗಡಿಗಳೂ ಅಪ್‌ಡೇಟ್‌ಗಳನ್ನು ತಾವೇ ಪರೀಕ್ಷಿಸಿ ಬಿಡುವುದರಿಂದ ಒಂದೇ ಅಪ್‌ಡೇಟ್ ಎಲ್ಲ ಕಡೆ ಒಂದೇ ಹೊತ್ತಿಗೆ ಬಾರದಿರಬಹುದು, ಆವೃತ್ತಿ ಬೇರೆಯಾದರೆ ಹೆಚ್ಚಿನ ಆಟಗಳಲ್ಲಿ ಸರ್ವರ್ ಇಬ್ಬರನ್ನೂ ಸೇರಿಸದು. ಇದರ ವಿಪರೀತ ರೂಪ ಕಂಡದ್ದು 2020ರ ಆಗಸ್ಟ್‌ನಲ್ಲಿ. ಆ್ಯಪಲ್ ತನ್ನ ಅಂಗಡಿಯಿಂದ ಫೋರ್ಟ್‌ನೈಟ್ ತೆಗೆದುಹಾಕಿತು, ಹೊಸ ಸೀಸನ್ ಐಫೋನ್‌ಗೆ ಬರಲಿಲ್ಲ, ಐಫೋನಿನವರು ಹಳೆಯ ಆವೃತ್ತಿಯಲ್ಲಿ ಸಿಕ್ಕಿಕೊಂಡು ಉಳಿದ ಯಂತ್ರಗಳವರಿಂದ ದೂರವಾದರು.

ಆವೃತ್ತಿ ಒಂದೇ ಆಗಿದ್ದರೆ ಆಟದ ಸೆಟ್ಟಿಂಗ್‌ನಲ್ಲಿ ಕ್ರಾಸ್‌ಪ್ಲೇ ಆನ್ ಇದೆಯೇ ನೋಡಿ. ಎಕ್ಸ್‌ಬಾಕ್ಸ್‌ನಲ್ಲಿ ಇನ್ನೊಂದು ತಡೆ ಇದೆ. ಆಟದೊಳಗೆ ಎಲ್ಲ ಸರಿಯಿದ್ದರೂ ಖಾತೆಯ ಪ್ರೈವೆಸಿ ವಿಭಾಗದ You can join cross-network play ಆಯ್ಕೆ ಮುಚ್ಚಿದ್ದರೆ ಹೊರಗಿನವರ ಜೊತೆ ಆಡಲಾಗದು. ಮಕ್ಕಳ ಖಾತೆಯಾದರೆ ಅದನ್ನು ತೆರೆಯಬೇಕಾದವರು ಹೆತ್ತವರು, ತಮ್ಮ ಖಾತೆಯಿಂದ.